ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಸಬ್ಸಿಡಿಯನ್ನು ಎಲ್ಲಿ, ಹೇಗೆ ಬರೆಯಬೇಕು? ಬ್ಯಾಂಕಿನವರು ವಾಪಸ್ ಕೊಟ್ಟಿದ್ದಾರೆ

ತುಂಗಾ ದಡದವಳು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಹಾಕಬೇಕು ಅಂತ, ಹೊಸ ಘಟಕಕ್ಕೆ ಸಬ್ಸಿಡಿ ಜೊತೆ ಸಾಲ ಸಿಗುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಅರ್ಜಿ ಹಾಕಿದ್ದೇನೆ. ಜಿಲ್ಲಾ ಕೈಗಾರಿಕಾ ಕೇಂದ್ರ, ಅಂದರೆ ಡಿಐಸಿಯವರು ನೋಡಿ ಬ್ಯಾಂಕಿಗೆ ಕಳಿಸಿದರು. ಬ್ಯಾಂಕಿನಲ್ಲಿ ರಿಪೋರ್ಟ್ ತಿರುವಿ ಹಾಕಿ, "ದುಡ್ಡಿನ ಭಾಗ ಸರಿ ಇಲ್ಲಮ್ಮ, ತಿದ್ದಿಕೊಂಡು ಬನ್ನಿ" ಅಂದರು. ಏನು ಸರಿ ಇಲ್ಲ ಅಂತ ಹೇಳಲಿಲ್ಲ. ಹಿಂದೆ ಕ್ಯೂ ಇತ್ತು, ನಾನೂ ಕೇಳಲಿಲ್ಲ.

ಒಟ್ಟು ಖರ್ಚು 10 ಲಕ್ಷ. ಯಂತ್ರ ಮತ್ತು ಅಚ್ಚುಗಳಿಗೆ ಆರೂವರೆ, ವೈರಿಂಗ್, ತೊಟ್ಟಿ, ಒಣಗಿಸುವ ಸ್ಟ್ಯಾಂಡ್ ಇವಕ್ಕೆ ಒಂದು, ಹಾಳೆ ಕೊಳ್ಳಲು ಮತ್ತು ಕೂಲಿಗೆ ಎರಡೂವರೆ ಲಕ್ಷ. ನಾನು ಬರೆದಿದ್ದು ಇಷ್ಟು:

"ಸರ್ಕಾರದಿಂದ 3.5 ಲಕ್ಷ ಸಹಾಯಧನ ಸಿಗುತ್ತದೆ. ಸ್ವಂತ ಹಣ 50 ಸಾವಿರ. ಉಳಿದ 6 ಲಕ್ಷ ಬ್ಯಾಂಕ್ ಸಾಲ. ಜೊತೆಗೆ ಸಿಜಿಟಿಎಂಎಸ್‌ಇ ಯೋಜನೆಯ ನೆರವೂ ಇದೆ. ಸಹಾಯಧನ ಬಂದ ಕೂಡಲೇ ಎರಡನೇ ಯಂತ್ರ ಕೊಳ್ಳಲಾಗುವುದು."

ತಿಂಗಳ ಲೆಕ್ಕದ ಪಟ್ಟಿಯಲ್ಲಿ ಮೂರನೇ ತಿಂಗಳಿಗೆ 3.5 ಲಕ್ಷ ಬಂದ ಹಾಗೆ ತೋರಿಸಿದ್ದೇನೆ. ಇದರಲ್ಲಿ ತಪ್ಪೇನು?

ಲೆಕ್ಕದ ಅಂಗಡಿ

ಮೇಡಂ, ತಪ್ಪೇನೂ ಕಾಣಿಸುತ್ತಿಲ್ಲ. ನಾನು ಜಿಎಸ್‌ಟಿ, ಪ್ರಾಜೆಕ್ಟ್ ರಿಪೋರ್ಟ್ ಕೆಲಸವನ್ನೇ ಮಾಡುವವನು. ಮಹಿಳೆ, ಗ್ರಾಮೀಣ ಅಂದರೆ ಶೇ 35. ಸ್ವಂತ ಪಾಲು ಶೇ 5. ಉಳಿದದ್ದು ಶೇ 60 ಸಾಲ. ಮೂರು ಸಾಲು, ಕೂಡಿದರೆ ನೂರು. ನಾನು ಹೀಗೇ ಬರೆಯುವುದು, ಪಾಸೂ ಆಗಿವೆ. ಪ್ಯಾರಾ ಬಿಟ್ಟು ಟೇಬಲ್ ಹಾಕಿ, ಬ್ಯಾಂಕಿನವರಿಗೆ ಟೇಬಲ್ ಇಷ್ಟ.

ಹಾಸನದ ಹೈದ

ಅಕ್ಕಾ, ನೀವು ಒಂದೇ ಸ್ಕೀಮ್ ಯಾಕೆ ಹಿಡಿದುಕೊಂಡಿದ್ದೀರಿ? ಪಿಎಂಎಫ್‌ಎಂಇ ಅಂತ ಇನ್ನೊಂದು ಇದೆ. ಅದರಲ್ಲೂ ಶೇ 35. ಎರಡೂ ಸೇರಿಸಿ ಬರೆದರೆ ಶೇ 70 ಬರುತ್ತದೆ. ನಮ್ಮ ಕರ್ನಾಟಕದಲ್ಲಿ ರಾಜ್ಯದ್ದು ಇನ್ನೂ ಶೇ 15 ಸೇರಿಸುತ್ತಾರೆ. ಕೈಯಿಂದ ಹೆಚ್ಚೇನೂ ಹೋಗುವುದಿಲ್ಲ 😀

ಹಳೇ ಫೀಲ್ಡ್ ಆಫೀಸರ್

ಹಳ್ಳಿ ಬ್ರಾಂಚ್‌ಗಳಲ್ಲಿ ಇಂಥ ಸಾಲದ ಕಡತ ನೋಡಿಕೊಂಡೇ ರಿಟೈರ್ ಆದವನು ನಾನು. ಹಾಸನದ ಹೈದರಿಗೆ ಮೊದಲು ಹೇಳಿಬಿಡುತ್ತೇನೆ. ಒಂದು ಘಟಕಕ್ಕೆ ಬೇರೆ ಸರ್ಕಾರಿ ಯೋಜನೆಯ ಸಬ್ಸಿಡಿ ಪಡೆದಿದ್ದರೆ ಪಿಎಂಇಜಿಪಿ ಸಿಗುವುದಿಲ್ಲ. ಪಿಎಂಎಫ್‌ಎಂಇ ಇರುವುದು ಆಹಾರ ಸಂಸ್ಕರಣೆಗೆ. ಊಟದ ತಟ್ಟೆ ಊಟ ಅಲ್ಲ.

ಈಗ ತುಂಗಾ ದಡದವರ ಪ್ರಶ್ನೆಗೆ. ನಿಮ್ಮ ಮೂರು ಸಾಲಿನಲ್ಲಿ ಶೇಕಡಾ ಲೆಕ್ಕ ಸರಿಯಾಗಿಯೇ ಇದೆ. ಲೆಕ್ಕದ ಅಂಗಡಿಯವರು ಹೇಳಿದ್ದೂ ಆ ಮಟ್ಟಿಗೆ ಸರಿ. ಆದರೆ ನಿಮ್ಮ ರಿಪೋರ್ಟ್ ಓದಿದ ಮ್ಯಾನೇಜರ್‌ಗೆ ಒಂದು ವಿಷಯ ಗೊತ್ತಾಗಿಬಿಟ್ಟಿದೆ. ಈ 3.5 ಲಕ್ಷ ನಿಮ್ಮ ಕೈಗೆ ಬರುತ್ತದೆ ಅಂತ ನೀವು ತಿಳಿದುಕೊಂಡಿದ್ದೀರಿ. ಅದು ಕೈಗೆ ಬರುವುದೇ ಇಲ್ಲ.

ನಡೆಯುವುದು ಹೀಗೆ. 10 ಲಕ್ಷದ ಯೋಜನೆಗೆ ಬ್ಯಾಂಕ್ ಮಂಜೂರು ಮಾಡುವುದು 6 ಲಕ್ಷ ಅಲ್ಲ, 9.5 ಲಕ್ಷ. ವಿಶೇಷ ವರ್ಗಕ್ಕೆ ಶೇ 95, ಸಾಮಾನ್ಯ ವರ್ಗಕ್ಕೆ ಶೇ 90. ಮಹಿಳೆಯರು ಯಾವ ಜಾತಿಯವರಾದರೂ ವಿಶೇಷ ವರ್ಗವೇ. ನೀವು 50 ಸಾವಿರ ಕಟ್ಟುತ್ತೀರಿ. ಇಡಿಪಿ ಅನ್ನುವ ಉದ್ಯಮಶೀಲತಾ ತರಬೇತಿ ಮುಗಿಸುತ್ತೀರಿ. ಬ್ಯಾಂಕ್ ಮೊದಲ ಕಂತು ಬಿಡುಗಡೆ ಮಾಡಿ, ಆಮೇಲೆ ಪೋರ್ಟಲ್‌ನಲ್ಲಿ ಮಾರ್ಜಿನ್ ಮನಿಗೆ, ಅಂದರೆ ಈ ಸಬ್ಸಿಡಿಗೆ, ಕ್ಲೇಮ್ ಹಾಕುತ್ತದೆ. ಆ ದುಡ್ಡು ಬ್ಯಾಂಕಿಗೆ ಬರುತ್ತದೆ. ಬಂದಿದ್ದು ನಿಮ್ಮ ಹೆಸರಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ. ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುವಂತಿಲ್ಲ. ಮೂರು ವರ್ಷ ಆದ ಮೇಲೆ ಘಟಕ ನಡೆಯುತ್ತಿದೆಯಾ ಅಂತ ಬಂದು ನೋಡುತ್ತಾರೆ. ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ಅಷ್ಟರೊಳಗೆ ಸಾಲ ಕೆಟ್ಟರೆ ಬ್ಯಾಂಕ್ ಅದನ್ನು ಬಾಕಿಗೆ ಮುರಿದುಕೊಳ್ಳುತ್ತದೆ.

ಈಗ ನಿಮ್ಮ ಪಟ್ಟಿ ನೋಡಿ. ಮೇಲೆ ಸಾಲ 6 ಲಕ್ಷ ಅಂತ ತೋರಿಸುವಾಗ 3.5 ಲಕ್ಷವನ್ನು ಒಂದು ಸಲ ಲೆಕ್ಕಕ್ಕೆ ತೆಗೆದುಕೊಂಡಿರಿ. ಕೆಳಗೆ ಮೂರನೇ ತಿಂಗಳಲ್ಲಿ ಅದೇ 3.5 ಲಕ್ಷವನ್ನು ಇನ್ನೊಂದು ಸಲ ಒಳಗೆ ತಂದು ಎರಡನೇ ಯಂತ್ರ ಕೊಂಡಿರಿ. ಒಂದೇ ದುಡ್ಡು ಎರಡು ಸಲ. ಮ್ಯಾನೇಜರ್ ವಾಪಸ್ ಕೊಟ್ಟಿದ್ದು ಇದಕ್ಕೇ ಇರಬೇಕು.

ತುಂಗಾ ದಡದವಳು

ಅಯ್ಯೋ ದೇವರೇ. ಹಾಗಾದರೆ ಎರಡನೇ ಯಂತ್ರ?

ಹಳೇ ಫೀಲ್ಡ್ ಆಫೀಸರ್

ಈಗಲೇ ಬೇಕು ಅನ್ನುವುದಾದರೆ ಈಗಲೇ ಯೋಜನೆಯ ವೆಚ್ಚಕ್ಕೆ ಸೇರಿಸಿ, ಕೊಟೇಶನ್ ಇಡಿ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗೂ ಅವಕಾಶ ಇದೆ. ಬೇಡ ಅಂದರೆ ಲಾಭದಿಂದ ಕೊಳ್ಳುತ್ತೇವೆ ಅಂತ ಬರೆಯಿರಿ. ಸಬ್ಸಿಡಿಯಿಂದ ಅಂತ ಮಾತ್ರ ಬರೆಯಬೇಡಿ.

ಲೆಕ್ಕದ ಅಂಗಡಿ

ಸರ್, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಮಾರ್ಗಸೂಚಿಯಲ್ಲೇ ಸಬ್ಸಿಡಿ ಮತ್ತು ಸ್ವಂತ ಪಾಲು ಕಳೆದ ಮೇಲೆ ಬ್ಯಾಂಕಿನ ಸಾಲ ಶೇ 60ರಿಂದ 75 ಅಂತ ಇದೆ. ನಾನು ಮೂರು ಸಾಲು ಬರೆಯುವುದು ಅದನ್ನೇ ನೋಡಿ. ನೀವು ಹೇಳುವ ಹಾಗೆ 9.5 ಲಕ್ಷ ಸಾಲ ಅಂತ ಬರೆದರೆ ಬಡ್ಡಿ ಜಾಸ್ತಿ ತೋರಿಸಿ, ಲಾಭ ಕಡಿಮೆ ತೋರಿಸಿ, ಒಳ್ಳೇ ಯೋಜನೆಯೂ ಸೊರಗಿದ ಹಾಗೆ ಕಾಣುತ್ತದೆ.

ಹಳೇ ಫೀಲ್ಡ್ ಆಫೀಸರ್

ಆ ಸಾಲು ಇದೆ, ನಿಜ. ಅದೇ ಮಾರ್ಗಸೂಚಿಯಲ್ಲಿ ಬ್ಯಾಂಕ್ ಮಂಜೂರು ಮಾಡಬೇಕಾದ್ದು ಶೇ 90 ಅಥವಾ 95 ಅಂತಲೂ ಇದೆ. ಎರಡೂ ಸರಿ. ಒಂದು ಮೊದಲ ದಿನದ ಮಾತು, ಇನ್ನೊಂದು ಮಾರ್ಜಿನ್ ಮನಿ ಬಂದ ಮೇಲಿನ ಮಾತು. ಓದುವವರಿಗೆ ಈ ಎರಡೂ ದಿನ ಕಾಣಿಸಬೇಕು, ಅಷ್ಟೇ ನಾನು ಹೇಳುವುದು.

ಬಡ್ಡಿಯನ್ನು 9.5 ಲಕ್ಷದ ಮೇಲೆ ಐದು ವರ್ಷ ತೋರಿಸಿ ಅಂತ ನಾನು ಹೇಳಲಿಲ್ಲ. ಮಾರ್ಜಿನ್ ಮನಿ ಬರುವವರೆಗೆ ಮಾತ್ರ ಪೂರ್ತಿ ಬಡ್ಡಿ ತೋರಿಸಿ. ಉದಾಹರಣೆಗೆ ಬಡ್ಡಿ ಶೇ 11 ಅಂತ ಹಿಡಿಯೋಣ. 3.5 ಲಕ್ಷಕ್ಕೆ ತಿಂಗಳಿಗೆ ಸುಮಾರು 3,200 ರೂಪಾಯಿ. ಕ್ಲೇಮ್ ಬರುವುದು ನಾಲ್ಕು ತಿಂಗಳು ತಡವಾದರೆ 13,000 ಹತ್ತಿರ. ದೊಡ್ಡ ಮೊತ್ತ ಅಲ್ಲ. ಆದರೆ ಅದನ್ನು ನೀವೇ ಬರೆದಿಟ್ಟರೆ, ಈ ಹೆಣ್ಣುಮಗಳಿಗೆ ಯೋಜನೆ ಹೇಗೆ ನಡೆಯುತ್ತದೆ ಅಂತ ಗೊತ್ತಿದೆ ಅಂತ ಓದುವವರಿಗೆ ಅನ್ನಿಸುತ್ತದೆ.

ಮುದ್ರಾ ಮಂಜ

ಸಬ್ಸಿಡಿ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ನಾನು ಎರಡು ವರ್ಷದ ಹಿಂದೆ ಮುದ್ರಾದಲ್ಲಿ 4 ಲಕ್ಷ ತಗೊಂಡೆ. ಬೈಕ್ ರಿಪೇರಿ ಅಂಗಡಿಗೆ. ಕಂತು ಸರಿಯಾಗಿ ಕಟ್ಟುತ್ತಿದ್ದೇನೆ. ಸಬ್ಸಿಡಿ ಇನ್ನೂ ಬಂದಿಲ್ಲ. ಅರ್ಜಿ ಬರೆದುಕೊಟ್ಟವರು ಶೇ 25 ಬರುತ್ತದೆ ಅಂತ 8 ಸಾವಿರ ಇಸ್ಕೊಂಡಿದ್ದರು. ನನ್ನದೂ ಠೇವಣಿಯಲ್ಲಿ ಇದೆಯಾ?

ಹಳೇ ಫೀಲ್ಡ್ ಆಫೀಸರ್

ಇಲ್ಲ ಮಂಜಣ್ಣ. ಮುದ್ರಾದಲ್ಲಿ ಸಬ್ಸಿಡಿ ಅನ್ನುವುದೇ ಇಲ್ಲ. ಆಸ್ತಿ ಅಡ ಇಡದೆ ಸಿಗುವ ಸಾಲ ಅದು. 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ನಿಮ್ಮದು ಕಿಶೋರ್. ಪೂರ್ತಿ ನೀವೇ ತೀರಿಸಬೇಕು. ಆ 8 ಸಾವಿರದ ಬಗ್ಗೆ ನಾನೇನು ಹೇಳಲಿ.

ಮುದ್ರಾ ಮಂಜ

ಆ ಮನುಷ್ಯನ ಫೋನ್ ಈಗ ಸ್ವಿಚ್ ಆಫ್. ಇರಲಿ ಬಿಡಿ, ಕಂತು ನಿಲ್ಲಿಸಬೇಕು ಅಂದುಕೊಂಡಿದ್ದೆ. ಇಲ್ಲಿ ಕೇಳಿದ್ದು ಒಳ್ಳೇದಾಯಿತು.

ರೊಟ್ಟಿ ಕೇಂದ್ರ ಕಲಬುರಗಿ

ನಾವು ಜೋಳದ ರೊಟ್ಟಿ ಮಾಡುವವರು ರೀ. ಆರು ವರ್ಷದಿಂದ ನಡೆಸುತ್ತಿದ್ದೇವೆ, ಹೆಣ್ಣುಮಕ್ಕಳು ಎಂಟು ಮಂದಿ. ಪಿಎಂಇಜಿಪಿ ಕೇಳಿದರೆ "ಹಳೇ ಘಟಕಕ್ಕೆ ಆಗಲ್ಲ" ಅಂದರು. ಆಮೇಲೆ ಪಿಎಂಎಫ್‌ಎಂಇಯಲ್ಲಿ ಆಯಿತು. ಅದು ನಡೆಯುತ್ತಿರುವ ಘಟಕಕ್ಕೂ ಸಿಗುತ್ತದೆ. ಕೇಂದ್ರ ಹಾಕಿದ ಲೆಕ್ಕದಲ್ಲಿ ಶೇ 35, ನಮ್ಮ ರಾಜ್ಯ ಸರ್ಕಾರದ್ದು ಶೇ 15, ಒಟ್ಟು ಅರ್ಧ. ಹೆಚ್ಚೆಂದರೆ 15 ಲಕ್ಷ. ಸ್ವಂತ ಪಾಲು ಮಾತ್ರ ಶೇ 10 ಹಾಕಬೇಕು, ಮಹಿಳೆ ಅಂತ ಅಲ್ಲಿ ರಿಯಾಯಿತಿ ಇಲ್ಲ. ಇಲ್ಲಿ ರಾಜ್ಯ ಸರ್ಕಾರದ ಕಪೆಕ್ ಸಂಸ್ಥೆಯವರು ನೋಡಿಕೊಳ್ಳುತ್ತಾರೆ, ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ, ರಿಪೋರ್ಟ್ ಬರೆಯಲು ಅವರೇ ಸಹಾಯ ಮಾಡಿದರು. ಅವರಿಗೆ ನಾವು ದುಡ್ಡು ಕೊಡುವ ಹಾಗಿಲ್ಲ, ಸರ್ಕಾರವೇ ಕೊಡುತ್ತದೆ.

ನಾವೂ ಒಂದು ತಪ್ಪು ಮಾಡಿದ್ದೆವು. ಜೋಳ ಕೊಳ್ಳುವ ದುಡ್ಡನ್ನೂ ಸೇರಿಸಿ ಅದರ ಮೇಲೆ ಶೇ 50 ಲೆಕ್ಕ ಹಾಕಿದ್ದೆವು. ಅಲ್ಲಿ ಸಬ್ಸಿಡಿ ಇರುವುದು ಯಂತ್ರ ಮತ್ತು ಅದಕ್ಕೆ ಬೇಕಾದ ಕಟ್ಟಡದ ಕೆಲಸಕ್ಕೆ. ದುಡಿಯುವ ಬಂಡವಾಳಕ್ಕೆ ಇಲ್ಲ. ಲೆಕ್ಕ ಎಲ್ಲ ಮತ್ತೆ ಹಾಕಬೇಕಾಯಿತು.

ತುಂಗಾ ದಡದವಳು

ಪಿಎಂಇಜಿಪಿಯಲ್ಲೂ ಹಾಗೇನಾ? ನನ್ನ ಎರಡೂವರೆ ಲಕ್ಷ ಹಾಳೆ ಕೊಳ್ಳುವ ದುಡ್ಡು. ಅದನ್ನೂ ಸೇರಿಸಿ 10 ಲಕ್ಷ ಮಾಡಿ, ಅದಕ್ಕೆ ಶೇ 35 ಹಾಕಿದ್ದೇನೆ.

ಹಳೇ ಫೀಲ್ಡ್ ಆಫೀಸರ್

ಪಿಎಂಇಜಿಪಿಯಲ್ಲಿ ದುಡಿಯುವ ಬಂಡವಾಳವೂ ಯೋಜನಾ ವೆಚ್ಚದೊಳಗೆ ಬರುತ್ತದೆ, ಅದಕ್ಕೂ ಸಬ್ಸಿಡಿ ಇದೆ. ಆದರೆ ಇಲ್ಲೊಂದು ಮುಳ್ಳು ಇದೆ. ಬಹಳ ಜನ ಅದನ್ನು ಮೂರನೇ ವರ್ಷದ ಕೊನೆಗೆ ತುಳಿಯುತ್ತಾರೆ.

ನಿಮ್ಮ 7.5 ಲಕ್ಷ ಯಂತ್ರದ ಖರ್ಚು ಟರ್ಮ್ ಲೋನ್ ಆಗುತ್ತದೆ. 2.5 ಲಕ್ಷ ಸಿಸಿ, ಅಂದರೆ ಬೇಕಾದಾಗ ತೆಗೆದು ಬಂದಾಗ ಕಟ್ಟುವ ಖಾತೆ. ನಿಯಮ ಏನು ಹೇಳುತ್ತದೆ ಅಂದರೆ, ಆ ಮೂರು ವರ್ಷದೊಳಗೆ ಒಂದು ಸಲವಾದರೂ ಸಿಸಿ ಮಿತಿ ಪೂರ್ತಿ ತುಂಬಿರಬೇಕು. ಬಳಕೆ ಶೇ 75ಕ್ಕಿಂತ ಕೆಳಗೆ ಇರಬಾರದು. ಇಲ್ಲದಿದ್ದರೆ ಆ ಪ್ರಮಾಣಕ್ಕೆ ತಕ್ಕ ಮಾರ್ಜಿನ್ ಮನಿ ಮೂರನೇ ವರ್ಷದ ಕೊನೆಗೆ, ಯೋಜನೆ ನಡೆಸುವ ಖಾದಿ ಆಯೋಗಕ್ಕೆ ವಾಪಸ್ ಹೋಗುತ್ತದೆ. ನಿಮ್ಮ 3.5 ಲಕ್ಷದಲ್ಲಿ ಸಿಸಿಗೆ ಸೇರಿದ ಪಾಲು 87,500. ತೂಗುಕತ್ತಿ ಇರುವುದು ಅದರ ಮೇಲೆ.

ಯಂತ್ರದ ಕಡೆಗೂ ಇಂಥದ್ದೇ ನಿಯಮ. ಕ್ಲೇಮ್ ಆಗುವುದು ರಿಪೋರ್ಟ್‌ನಲ್ಲಿ ಬರೆದ ಮೊತ್ತಕ್ಕೆ. ಉಳಿಯುವುದು ನಿಜವಾಗಿ ಖರ್ಚಾದ ಮೊತ್ತಕ್ಕೆ. ಆರೂವರೆ ಲಕ್ಷದ ಕೊಟೇಶನ್ ಇಟ್ಟು ಐದೂವರೆಗೆ ಯಂತ್ರ ಕೊಂಡರೆ ಆ ಒಂದು ಲಕ್ಷದ ಶೇ 35 ಹಿಂದಕ್ಕೆ ಹೋಗುತ್ತದೆ. ಸಬ್ಸಿಡಿ ಜಾಸ್ತಿ ಬರಲಿ ಅಂತ ವೆಚ್ಚ ಉಬ್ಬಿಸುವವರಿಗೆ ಇದು ಗೊತ್ತಿರುವುದಿಲ್ಲ.

ತುಂಗಾ ದಡದವಳು

ನಾನು ಉಬ್ಬಿಸಿಲ್ಲ ಸರ್! ಎರಡೂವರೆ ಲಕ್ಷ ನಿಜವಾಗಿಯೂ ಬೇಕು. ಹಾಳೆ ಬೀಳುವುದು ಬೇಸಿಗೆಯಲ್ಲಿ. ಮಳೆ ಹಿಡಿಯುವುದರೊಳಗೆ ಕೊಂಡು, ಒಣಗಿಸಿ, ಅಟ್ಟಕ್ಕೆ ಏರಿಸಬೇಕು. ಮಳೆಗೆ ಸಿಕ್ಕಿದ ಹಾಳೆಗೆ ಬೂಷ್ಟು ಬರುತ್ತದೆ, ತಟ್ಟೆ ಕಪ್ಪಾಗುತ್ತದೆ, ಯಾರೂ ಕೊಳ್ಳುವುದಿಲ್ಲ. ಮೇ ಕೊನೆಗೆ ಕೈಯಲ್ಲಿ ಒಂದು ಪೈಸೆ ಇರುವುದಿಲ್ಲ, ಮನೆ ತುಂಬ ಹಾಳೆ ಇರುತ್ತದೆ.

ಹಳೇ ಫೀಲ್ಡ್ ಆಫೀಸರ್

ನೋಡಿ, ಇದನ್ನೇ ಬರೆಯಬೇಕಿತ್ತು. ಈ ನಾಲ್ಕು ಸಾಲು ನಿಮ್ಮ ರಿಪೋರ್ಟ್‌ನಲ್ಲಿ ಎಲ್ಲೂ ಇಲ್ಲ. ಎರಡೂವರೆ ಲಕ್ಷ ಯಾಕೆ ಬೇಕು, ಯಾವ ತಿಂಗಳು ಸಿಸಿ ತುಂಬುತ್ತದೆ, ಯಾವ ತಿಂಗಳು ತಟ್ಟೆ ಮಾರಿ ಇಳಿಯುತ್ತದೆ, ಇದಕ್ಕಿಂತ ಒಳ್ಳೇ ಉತ್ತರ ಇಲ್ಲ. ಆದರೆ ಮಳೆಗಾಲದಲ್ಲಿ ಮಾರುತ್ತಾ ಹೋದಂತೆ ಬಳಕೆ ಶೇ 75ರ ಕೆಳಗೆ ಇಳಿಯುತ್ತದಾ ಅಂತ ತಿಂಗಳವಾರು ಹಾಕಿ ನೋಡಿ. ಇಳಿಯುತ್ತದೆ ಅಂದರೆ ಮಿತಿಯನ್ನು ಎರಡು ಲಕ್ಷಕ್ಕೆ ತಗ್ಗಿಸುವುದು ವಾಸಿ.

ಮತ್ತೊಂದು. ಸಿಜಿಟಿಎಂಎಸ್‌ಇ ನೆರವು ಅಂತ ಹಣದ ಮೂಲದಲ್ಲಿ ಬರೆದಿದ್ದೀರಲ್ಲ, ತೆಗೆಯಿರಿ. ಅದರಿಂದ ನಿಮಗೆ ಒಂದು ರೂಪಾಯಿಯೂ ಬರುವುದಿಲ್ಲ. ನೀವು ಕಟ್ಟದೆ ಹೋದರೆ ಬ್ಯಾಂಕಿಗೆ ಸಿಗುವ ಖಾತರಿ ಅದು. ಅದಕ್ಕೆ ಶುಲ್ಕವೂ ಇದೆ. 'ಭದ್ರತೆ' ಅನ್ನುವ ಸಾಲಿಗೆ ಒಯ್ದು ಇಡಿ. "ಯಂತ್ರ ಮತ್ತು ದಾಸ್ತಾನು ಬ್ಯಾಂಕಿಗೆ ಆಧಾರ, ಸಾಲ ಸಿಜಿಟಿಎಂಎಸ್‌ಇ ಅಡಿ ತರಲು ಕೋರಿಕೆ" ಅಂದರೆ ಸಾಕು.

ಅರಸೀಕೆರೆ ತೆಂಗು

ಭದ್ರತೆ ಅಂದಿರಿ, ನೆನಪಾಯಿತು. ನಾನು 8 ಲಕ್ಷದ ಸಾಲ ಕೇಳಿದಾಗ ಒಂದು ಬ್ರಾಂಚ್‌ನಲ್ಲಿ ಮಾವನವರ ಪಹಣಿ ತನ್ನಿ ಅಂದರು. ತಂದುಕೊಟ್ಟೆ. ಮಾವ ಇವತ್ತಿಗೂ ಮಾತಾಡಿಸುವುದಿಲ್ಲ.

ಹಳೇ ಫೀಲ್ಡ್ ಆಫೀಸರ್

10 ಲಕ್ಷದವರೆಗಿನ ಇಂಥ ಸಾಲಕ್ಕೆ ಆಸ್ತಿ ಅಡ ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕೇಳುವವರು ಕೇಳುತ್ತಾರೆ. ರಿಪೋರ್ಟ್‌ನಲ್ಲಿ ಭದ್ರತೆಯ ಸಾಲು ಮೊದಲೇ ಬರೆದಿದ್ದರೆ ಮಾತು ಶುರು ಮಾಡಲು ಒಂದು ಜಾಗ ಇರುತ್ತದೆ.

ತುಂಗಾ ದಡದವಳು

ಇನ್ನೊಂದು ಅನುಮಾನ. ನಮ್ಮ ಮನೆ ಹಳ್ಳಿಯಲ್ಲಿ. ಶೆಡ್ ಬಾಡಿಗೆಗೆ ನೋಡಿರುವುದು ತೀರ್ಥಹಳ್ಳಿ ಪೇಟೆಯಲ್ಲಿ, ತ್ರೀ ಫೇಸ್ ಕರೆಂಟ್ ಇದೆ ಅಂತ. ಗ್ರಾಮೀಣ ಶೇ 35 ಬರುತ್ತದೆ ಅಲ್ವಾ? ಪಂಚಾಯಿತಿಯೇ ಅಲ್ವಾ ಅದು, ಪಟ್ಟಣ ಪಂಚಾಯಿತಿ.

ಲೆಕ್ಕದ ಅಂಗಡಿ

ಇಲ್ಲೇ ಎಡವಿದಿರಿ ಮೇಡಂ. ಹೆಸರಿನಲ್ಲಿ ಪಂಚಾಯಿತಿ ಇದ್ದರೂ ಪಟ್ಟಣ ಪಂಚಾಯಿತಿ ನಗರ ಸ್ಥಳೀಯ ಸಂಸ್ಥೆ. ಪಿಎಂಇಜಿಪಿಯಲ್ಲಿ ಗ್ರಾಮೀಣ ಅಂದರೆ ಪಂಚಾಯತ್ ರಾಜ್ ವ್ಯಾಪ್ತಿ, ಅಂದರೆ ಗ್ರಾಮ ಪಂಚಾಯಿತಿ. ಮೊದಲು 20 ಸಾವಿರ ಜನಸಂಖ್ಯೆಯ ಲೆಕ್ಕ ಇತ್ತು, 2022ರಲ್ಲಿ ಬದಲಾಯಿತು. ನೋಡುವುದು ಘಟಕ ಎಲ್ಲಿದೆ ಅಂತ, ನೀವು ಎಲ್ಲಿ ಮಲಗುತ್ತೀರಿ ಅಂತ ಅಲ್ಲ. ನಗರದಲ್ಲಿ ಮಹಿಳೆಗೆ ಶೇ 25. ನಿಮ್ಮ 3.5 ಲಕ್ಷ 2.5 ಲಕ್ಷ ಆಗುತ್ತದೆ. ಸ್ವಂತ ಪಾಲು ಶೇ 5 ಹಾಗೇ ಇರುತ್ತದೆ.

ಹಳೇ ಫೀಲ್ಡ್ ಆಫೀಸರ್

ಸರಿಯಾಗಿ ಹಿಡಿದಿರಿ. ನಾನೇ ಇದನ್ನು ಕೇಳಲಿಲ್ಲ, ಹಳ್ಳಿ ಅಂತ ಅಂದುಕೊಂಡುಬಿಟ್ಟೆ.

ತುಂಗಾ ದಡದವಳು

ಒಂದು ಲಕ್ಷ ವ್ಯತ್ಯಾಸ! ನಮ್ಮ ಭಾವನವರ ಅಡಿಕೆ ಕಣದ ಪಕ್ಕ ಒಂದು ಹಳೇ ಶೆಡ್ ಇದೆ, ಗ್ರಾಮ ಪಂಚಾಯಿತಿ ವ್ಯಾಪ್ತಿ. ಆದರೆ ಅಲ್ಲಿ ತ್ರೀ ಫೇಸ್ ಎಳೆಸಬೇಕು. ಮಳೆಗಾಲದಲ್ಲಿ ಲಾರಿ ಬರುವುದಿಲ್ಲ.

ರೊಟ್ಟಿ ಕೇಂದ್ರ ಕಲಬುರಗಿ

ಒಂದು ಲಕ್ಷಕ್ಕೆ ಆಸೆಪಟ್ಟು ದಾರಿ ಇಲ್ಲದ ಜಾಗಕ್ಕೆ ಹೋಗಬೇಡಿ ತಂಗಿ. ಆ ಲಕ್ಷ ಬರುವುದು ಮೂರು ವರ್ಷದ ಮೇಲೆ. ಕರೆಂಟ್ ಬೇಕಾಗಿರುವುದು ನಾಳೆ ಬೆಳಿಗ್ಗೆ.

ಹಾಸನದ ಹೈದ

ನಾನಾದರೆ ಕಣಕ್ಕೇ ಹೋಗುತ್ತೇನೆ. ಬಾಡಿಗೆಯೂ ಉಳಿಯುತ್ತದೆ. ಭಾವ ಬಾಡಿಗೆ ಕೇಳುತ್ತಾರಾ?

ತುಂಗಾ ದಡದವಳು

ಭಾವ ಕೇಳಲ್ಲ. ಅಕ್ಕ ಕೇಳ್ತಾಳೆ 😀

ಸರಿ, ಭಾವನ ಶೆಡ್ ಅಂತಲೇ ಇಟ್ಟುಕೊಂಡು ಒಂದು ಸಲ ಬರೆದು ತೋರಿಸುತ್ತೀರಾ ಸರ್? ಆಮೇಲೆ ಬೇಕಾದರೆ ಅಂಕಿ ಬದಲಿಸಿಕೊಳ್ಳುತ್ತೇನೆ.

ಹಳೇ ಫೀಲ್ಡ್ ಆಫೀಸರ್

ಬರೆಯುತ್ತೇನೆ. ಪದ ನಿಮ್ಮದೇ ಇರಲಿ, ಕ್ರಮ ಮಾತ್ರ ನೋಡಿ.

"ಯೋಜನೆಯ ಒಟ್ಟು ವೆಚ್ಚ 10,00,000 ರೂ. ಇದರಲ್ಲಿ ಯಂತ್ರ, ಅಚ್ಚು, ವೈರಿಂಗ್ ಮತ್ತು ಸಲಕರಣೆ 7,50,000. ದುಡಿಯುವ ಬಂಡವಾಳ 2,50,000. ಜಾಗದ ಬೆಲೆ ಸೇರಿಲ್ಲ.

ಅರ್ಜಿದಾರರ ಸ್ವಂತ ಪಾಲು 50,000. ಇದು ಉಳಿತಾಯ ಖಾತೆಯಲ್ಲಿದೆ, ಪಾಸ್‌ಬುಕ್ ಪ್ರತಿ ಲಗತ್ತಿಸಿದೆ. ಬ್ಯಾಂಕಿನಿಂದ ಕೋರುವ ಸಾಲ 9,50,000. ಟರ್ಮ್ ಲೋನ್ 7,12,500, ಸಿಸಿ 2,37,500.

ಅರ್ಜಿದಾರರು ಮಹಿಳೆ. ಘಟಕ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆ. ಆದ್ದರಿಂದ ಪಿಎಂಇಜಿಪಿ ಅಡಿ ಶೇ 35ರಂತೆ 3,50,000 ಮಾರ್ಜಿನ್ ಮನಿ ನಿರೀಕ್ಷಿಸಲಾಗಿದೆ. ಇದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುವುದರಿಂದ ನಗದು ಲೆಕ್ಕದಲ್ಲಿ ಆದಾಯವಾಗಿ ತೋರಿಸಿಲ್ಲ. ಅದು ಬ್ಯಾಂಕಿಗೆ ಬರುವವರೆಗೆ, ನಾಲ್ಕು ತಿಂಗಳು ಎಂದು ಹಿಡಿದು, ಪೂರ್ತಿ ಸಾಲಕ್ಕೆ ಬಡ್ಡಿ ಲೆಕ್ಕ ಹಾಕಿದೆ. ಆಮೇಲೆ ಬಡ್ಡಿ ಬೀಳುವ ಸಾಲ 6,00,000.

ಬೇರೆ ಯಾವುದೇ ಸರ್ಕಾರಿ ಸಬ್ಸಿಡಿ ಪಡೆದಿಲ್ಲ."

ಇದರ ಕೆಳಗೆ ನಿಮ್ಮ ಹಾಳೆ, ಮಳೆ, ಮೇ ತಿಂಗಳ ಮಾತು. ಅದನ್ನು ನೀವೇ ಬರೆಯಿರಿ, ನನಗಿಂತ ಚೆನ್ನಾಗಿ ಬರೆಯುತ್ತೀರಿ.

ಲೆಕ್ಕದ ಅಂಗಡಿ

ಚೆನ್ನಾಗಿದೆ ಸರ್. ಆದರೆ ಕಂತು ಹೇಗೆ ತೋರಿಸುತ್ತೀರಿ? ಟರ್ಮ್ ಲೋನ್ 7,12,500. ಅದಕ್ಕೆ ಸೇರಿದ ಮಾರ್ಜಿನ್ ಮನಿ 2,62,500. ಕಳೆದರೆ 4,50,000. ಆರು ತಿಂಗಳು ಬಿಟ್ಟು 60 ಕಂತು ಅಂದರೆ ಅಸಲು ತಿಂಗಳಿಗೆ 7,500. ಪೂರ್ತಿ ಸಾಲಕ್ಕೆ ಕಂತು ಹಾಕಿದರೆ 11,875. ಎರಡರಲ್ಲಿ ಯಾವುದು?

ಹಳೇ ಫೀಲ್ಡ್ ಆಫೀಸರ್

ನಾನು ನೋಡಿದ ಮಟ್ಟಿಗೆ ಎರಡೂ ಮಾಡುತ್ತಾರೆ. ಕೆಲವು ಕಡೆ 4.5 ಲಕ್ಷಕ್ಕೇ ಕಂತು ಕಟ್ಟಿಸುತ್ತಾರೆ. ಕೆಲವು ಕಡೆ ಪೂರ್ತಿ ಸಾಲಕ್ಕೆ ಕಂತು ಹಾಕಿ, ಮೂರು ವರ್ಷದ ನಂತರ ಠೇವಣಿ ಜಮಾ ಆದಾಗ ಸಾಲ ಬೇಗ ಮುಗಿಯುವ ಹಾಗೆ ಮಾಡುತ್ತಾರೆ. ಎರಡನೆಯದರಲ್ಲಿ ಮೊದಲ ಮೂರು ವರ್ಷ ಉಸಿರು ಕಟ್ಟುತ್ತದೆ.

ಅದಕ್ಕೇ ಎರಡೂ ರೀತಿ ಹಾಕಿ ನೋಡಿ ಅನ್ನುವುದು. ಎರಡನೇ ವರ್ಷ ಲಾಭ, ಸವಕಳಿ, ಸಾಲದ ಬಡ್ಡಿ ಎಲ್ಲ ಕೂಡಿ ಕೈಯಲ್ಲಿ 2,40,000 ಉಳಿಯುತ್ತದೆ ಅಂತ ಹಿಡಿಯೋಣ. ಮೊದಲ ರೀತಿಯಲ್ಲಿ ಅಸಲು 90,000, ಬಡ್ಡಿ ಸುಮಾರು 40,000. ಕಟ್ಟಬೇಕಾದ್ದು 1,30,000. ಭಾಗಿಸಿದರೆ 1.85 ಬರುತ್ತದೆ. ಎರಡನೇ ರೀತಿಯಲ್ಲಿ ಅಸಲು 1,42,500, ಬಡ್ಡಿ 34,000 ಹತ್ತಿರ. ಭಾಗಿಸಿದರೆ 1.36. ನಮ್ಮ ಕಾಲದಲ್ಲಿ ಒಂದೂವರೆಗಿಂತ ಕೆಳಗೆ ಬಂದರೆ ಮ್ಯಾನೇಜರ್ ಹುಬ್ಬು ಮೇಲೆ ಹೋಗುತ್ತಿತ್ತು.

ಲೆಕ್ಕದ ಅಂಗಡಿ

ಹಾಗಾದರೆ ನಾನು 1.85ನ್ನೇ ತೋರಿಸುತ್ತೇನೆ. ಬ್ಯಾಂಕಿನವರೇ ಬೇಕಾದರೆ ಇನ್ನೊಂದು ಹಾಕಿಕೊಳ್ಳಲಿ. ನಮ್ಮ ಕಡತಕ್ಕೆ ನಾವೇ ಕಲ್ಲು ಹಾಕಿಕೊಳ್ಳುವುದು ಯಾಕೆ?

ಹಳೇ ಫೀಲ್ಡ್ ಆಫೀಸರ್

ಕಡತ ಪಾಸ್ ಆಗುವುದು ನಿಮಗೆ ಮುಖ್ಯ. ಕಂತು ಕಟ್ಟುವುದು ಅವರು. ಸಾಲ ಏಳು ವರ್ಷಕ್ಕೆ ಕೇಳಬಹುದು, ಆಗ 1.36 ಮೇಲೆ ಹೋಗುತ್ತದೆ. ಮರುಪಾವತಿ ಮೂರರಿಂದ ಏಳು ವರ್ಷದವರೆಗೆ ಇರಬಹುದು ಅಂತ ಯೋಜನೆಯಲ್ಲೇ ಇದೆ. ಇದನ್ನು ತೋರಿಸದೆ ಮುಚ್ಚಿಟ್ಟರೆ ಏಳು ವರ್ಷ ಕೇಳಲು ಕಾರಣವೇ ಇರುವುದಿಲ್ಲ.

ಲೆಕ್ಕದ ಅಂಗಡಿ

ಅದು ಒಪ್ಪುವ ಮಾತು. ಆದರೂ ನನ್ನ ಮೂರು ಸಾಲಿನ ಟೇಬಲ್ ಬಿಡುವುದಿಲ್ಲ ಸರ್, ಡಿಐಸಿಯಲ್ಲಿ ಅದನ್ನೇ ಕೇಳುತ್ತಾರೆ. ಕೆಳಗೆ ನಿಮ್ಮ ಟಿಪ್ಪಣಿ ಸೇರಿಸುತ್ತೇನೆ.

ಅರಸೀಕೆರೆ ತೆಂಗು

ತುಂಗಾ ದಡದವರೇ, ಯಂತ್ರಕ್ಕೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ನಾನು ಡೀಲರ್ ಮಾತು ಕೇಳಿ ಮಂಜೂರಿಗೆ ಮೊದಲೇ ಯಂತ್ರ ಇಳಿಸಿಕೊಂಡೆ. ಪರಿಶೀಲನೆಗೆ ಬಂದವರು "ಘಟಕ ಆಗಲೇ ನಡೀತಿದೆಯಲ್ಲ, ಇದು ಹೊಸದು ಹೇಗೆ?" ಅಂದರು. ಅಲ್ಲಿಗೆ ಸಬ್ಸಿಡಿ ಕಥೆ ಮುಗಿಯಿತು. ಆಮೇಲೆ ಸುಮ್ನೆ ಮಾಮೂಲಿ ಸಾಲ ಮಾಡಿದೆ. ಮಾವನ ಪಹಣಿ ಹೋಗಿದ್ದು ಆಗಲೇ.

ತುಂಗಾ ದಡದವಳು

ಕೊಟ್ಟಿಲ್ಲ. ಡೀಲರ್ ದಿನಾ ಫೋನ್ ಮಾಡುತ್ತಿದ್ದಾನೆ, ರೇಟು ಏರುತ್ತದೆ ಅಂತ.

ಹಳೇ ಫೀಲ್ಡ್ ಆಫೀಸರ್

ಏರಲಿ ಬಿಡಿ. ಕೊಟೇಶನ್‌ನಲ್ಲಿ ಜಿಎಸ್‌ಟಿ ನಂಬರ್ ಮತ್ತು ಎಷ್ಟು ದಿನ ಈ ಬೆಲೆ ಅಂತ ಬರೆಸಿಕೊಳ್ಳಿ. ದುಡ್ಡು ಬ್ಯಾಂಕಿನಿಂದ ನೇರ ಅವನ ಖಾತೆಗೆ ಹೋಗುತ್ತದೆ.

ತುಂಗಾ ದಡದವಳು

ಇವತ್ತು ಮತ್ತೆ ಬ್ಯಾಂಕಿಗೆ ಹೋಗಿ ಬಂದೆ. ಮ್ಯಾನೇಜರ್ ಓದಿದರು. ಎರಡು ಸಲ ಲೆಕ್ಕ ಹಿಡಿದಿದ್ದೇ ಮೊದಲಿನ ತಪ್ಪು ಅಂತ ಅವರೇ ಹೇಳಿದರು. ಹಾಳೆಯ ಪ್ಯಾರಾ ಓದಿ, "ಎಷ್ಟು ಹಾಳೆ ಕೂಡಿಡುತ್ತೀರಿ?" ಅಂತ ಕೇಳಿದರು. ಹೇಳಿದೆ. ತಿಂಗಳವಾರು ಹಾಕಿದಾಗ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಿಸಿ ತೀರಾ ಇಳಿಯುತ್ತದೆ, ಹಾಗಾಗಿ ದುಡಿಯುವ ಬಂಡವಾಳ ಎರಡು ಲಕ್ಷಕ್ಕೆ ಇಳಿಸಿದ್ದೇನೆ. ಒಟ್ಟು 9.5 ಲಕ್ಷ ಆಯಿತು, ಎಲ್ಲ ಅಂಕಿ ಮತ್ತೆ ಬದಲಾಯಿತು.

ಕಂತು ಯಾವ ಲೆಕ್ಕಕ್ಕೆ ಅಂತ ಕೇಳಿದ್ದಕ್ಕೆ "ಮಂಜೂರಾತಿ ಪತ್ರದಲ್ಲಿ ಬರುತ್ತದೆ" ಅಂದರು. ಏಳು ವರ್ಷ ಕೇಳಿದ್ದೇನೆ, ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಶೆಡ್ ಇನ್ನೂ ತೀರ್ಮಾನ ಆಗಿಲ್ಲ. ನಾಳೆ ಮೆಸ್ಕಾಂ ಆಫೀಸಿಗೆ ಹೋಗಿ ಭಾವನ ಕಣಕ್ಕೆ ತ್ರೀ ಫೇಸ್ ಎಳೆಯಲು ಎಷ್ಟು ಅಂತ ಕೇಳಬೇಕು. 90 ಸಾವಿರ ದಾಟಿದರೆ ಪೇಟೆಯ ಶೆಡ್ಡೇ ಅಂತ ಅಕ್ಕ ಹೇಳಿದ್ದಾಳೆ.

ರೊಟ್ಟಿ ಕೇಂದ್ರ ಕಲಬುರಗಿ

ತಟ್ಟೆ ಶುರುವಾದ ಮೇಲೆ ಹೇಳಿ ತಂಗಿ. ನಮಗೆ ಮದುವೆ ಆರ್ಡರ್‌ಗೆ ರೊಟ್ಟಿ ಜೊತೆ ತಟ್ಟೆಯೂ ಕೇಳುತ್ತಾರೆ. 12 ಇಂಚಿನದು ಎಷ್ಟಕ್ಕೆ ಕೊಡುತ್ತೀರಿ?